ಮೂರು ಬ್ರಾಸಿನ ಗಾಡಿ

"ನಿನ್ನ ಗಾಡಿಗೆ ನಾನು ಯಾವತ್ತೂ ಟೇಪು ಹಿಡಿಯಲ್ಲ ಕಣೋ" ಎಂದು ಅಕ್ಕ ತಮ್ಮನಿಗೆ ಮಾತು ಕೊಟ್ಟು ವರ್ಷಗಳೇ ಉರುಳಿದ್ದವು.

ಆಗ ತಮ್ಮ ಟಿಪ್ಪರ್ ಕೊಂಡ ಹೊಸತು. ಯಾವುದೋ ಬೀದಿಯಲ್ಲಿ ಮರಳು ಇಳಿಸಲು ಹೋದಾಗ ಮನೆ ಕಟ್ಟಿಸುತ್ತಿದ್ದ ಯಜಮಾನ ಅಕ್ಕಪಕ್ಕದವರನ್ನೆಲ್ಲ ಸಾಕ್ಷಿಗೆ ಕರೆದು, ಗಾಲಿಯ ಮೇಲೆ ಕಾಲಿಟ್ಟು ಹತ್ತಿ, ಬಾಡಿಯ ಉದ್ದ ಅಗಲ ಎತ್ತರ ಅಳೆದಿದ್ದ. ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. "ಸುಮ್ನೆ ನೋಡಿದೆ ಕಣಪ್ಪ, ಬೇಜಾರು ಮಾಡ್ಕೋಬೇಡ" ಎಂದು ಆತ ಹಲ್ಲು ಬಿಟ್ಟಿದ್ದ. ತಮ್ಮ ಅವತ್ತು ತಟ್ಟೆಯ ಮುಂದೆ ಕೂತವನು ತುತ್ತು ಎತ್ತಲಿಲ್ಲ. ಮರಳು, ಜಲ್ಲಿ ಮಾರುವವರಿಗೆ ಅದೊಂದು ಮರ್ಯಾದೆಯ ವಿಷಯ. ನೂರು ಘನ ಅಡಿ ಅಂದರೆ ಒಂದು ಬ್ರಾಸು. ಗಾಡಿಯಲ್ಲಿ ಎಷ್ಟು ಬ್ರಾಸು ಹಿಡಿಯುತ್ತದೆ ಎನ್ನುವುದು ಗಾಡಿಯವನ ಬಾಯಿಮಾತು. ಅದಕ್ಕೆ ಟೇಪು ಹಿಡಿದರೆ ಅವನ ಬಾಯಿಗೆ ಹಿಡಿದಂತೆ. ಅವತ್ತು ಅಕ್ಕ ಟೇಪು ಹಿಡಿಯಲ್ಲವೆಂಬ ಆ ಮಾತನ್ನು ಅನ್ನದ ಜೊತೆಗೇ ಬಡಿಸಿದ್ದಳು.

ಆಮೇಲೆ ಅಕ್ಕ ಸಣ್ಣಪುಟ್ಟ ಮನೆಗಳ ಗುತ್ತಿಗೆ ಹಿಡಿಯತೊಡಗಿದಳು. ಮನೆ ಕಟ್ಟಿಸುವವರು ಅಕ್ಕ ಅಂದರು, ಮೇಸ್ತ್ರಿ ಅಕ್ಕ ಅಂದ, ಸಿಮೆಂಟ್ ಅಂಗಡಿಯವನೂ ಅಕ್ಕ ಅಂದ. ಅವಳಿಗೆ ಒಬ್ಬನೇ ತಮ್ಮನಾದರೂ ಊರಿಗೆಲ್ಲ ಅಕ್ಕನಾಗಿಬಿಟ್ಟಿದ್ದಳು. ಸೊಂಟದಲ್ಲಿ ಕೀಗೊಂಚಲು ಸಿಕ್ಕಿಸುವ ಜಾಗದಲ್ಲಿ ಅವಳು ಟೇಪು ಸಿಕ್ಕಿಸುತ್ತಿದ್ದಳು. ಗೋಡೆಗೆ ಹಿಡಿಯುತ್ತಿದ್ದಳು, ಕಂಬಿಗೆ ಹಿಡಿಯುತ್ತಿದ್ದಳು, ಬಡಗಿ ತಂದ ಚೌಕಟ್ಟಿಗೆ ಅವನ ಎದುರೇ ಹಿಡಿಯುತ್ತಿದ್ದಳು. ತಮ್ಮನ ಗಾಡಿ ಬಂದಾಗ ಮಾತ್ರ ಬೇರೆ ಕಡೆ ತಿರುಗಿ ನಿಂತು, "ಇಳಿಸೋ, ಇಳಿಸಿ ಟೀ ಕುಡ್ಕೊಂಡು ಹೋಗು" ಅನ್ನುತ್ತಿದ್ದಳು. ಅವನದು ಮೂರು ಬ್ರಾಸಿನ ಗಾಡಿ. ಊರಿನಲ್ಲೆಲ್ಲ ಅದರ ಹೆಸರೇ ಅದು. ಹಾರ್ನ್ ಕೇಳಿದರೆ ಸಾಕು, "ಮೂರು ಬ್ರಾಸು ಬಂತು" ಅನ್ನುತ್ತಿದ್ದರು.

ಈಗ ನಡೆಯುತ್ತಿದ್ದದ್ದು ನರ್ಸಮ್ಮನ ಮನೆ. ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ಪಾಳಿ ಮಾಡಿ ದಣಿದ ಹೆಂಗಸು. ಗೋಡೆ ಎದ್ದಿತ್ತು, ಸೆಂಟ್ರಿಂಗ್ ಹಲಗೆ ಹೊಡೆದಾಗಿತ್ತು, ಕಂಬಿ ಕಟ್ಟಿಯಾಗಿತ್ತು. ಮರುದಿನ ಬೆಳಿಗ್ಗೆ ಸ್ಲ್ಯಾಬು, ಅಂದರೆ ತಾರಸಿಯ ಕಾಂಕ್ರೀಟು. ಮಿಕ್ಸರ್ ಗೊತ್ತುಮಾಡಿಯಾಗಿತ್ತು, ಮೇಸ್ತ್ರಿ ಇಪ್ಪತ್ತು ಜನಕ್ಕೆ ಹೇಳಿಯಾಗಿತ್ತು. ಸ್ಲ್ಯಾಬು ಒಮ್ಮೆ ಶುರುವಾದರೆ ಮುಗಿಯುವತನಕ ಕೈ ನಿಲ್ಲುವಂತಿಲ್ಲ. ಅರ್ಧಕ್ಕೆ ನಿಂತು ಹಾಕಿದ ಕಾಂಕ್ರೀಟು ಗಟ್ಟಿಯಾದರೆ ಹೊಸದು ಅದಕ್ಕೆ ಕಚ್ಚುವುದಿಲ್ಲ. ಅಲ್ಲೊಂದು ಗೆರೆ ಉಳಿಯುತ್ತದೆ. ಆ ಗೆರೆಯಲ್ಲಿ ನೀರು ಇಳಿಯುತ್ತದೆ, ಕಂಬಿ ತುಕ್ಕು ಹಿಡಿಯುತ್ತದೆ, ಗುತ್ತಿಗೆದಾರಳ ಹೆಸರೂ ಜೊತೆಗೆ.

ಬೇರೆ ಮನೆಗಳಲ್ಲಾದರೆ ಸ್ಲ್ಯಾಬಿನ ಹಿಂದಿನ ದಿನ ಅಕ್ಕ ಕಂಬಿಯ ಮೇಲೆ ಕೈಯಾಡಿಸಿ ಮನೆಗೆ ಹೋಗಿ ನಿದ್ದೆ ಹೊಡೆಯುತ್ತಿದ್ದಳು. ಈ ಸಲ ಬೆಳಿಗ್ಗೆಯಿಂದ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೇಲೆ ಹತ್ತುವಳು, ಇಳಿಯುವಳು, ರಸ್ತೆ ಬದಿಯ ಜಲ್ಲಿ ರಾಶಿಯ ಸುತ್ತ ಒಂದು ಸುತ್ತು ಬರುವಳು, ಮತ್ತೆ ಹತ್ತುವಳು. ರಾಶಿ ಯಾಕೋ ಕುಳ್ಳಗೆ ಕಾಣುತ್ತಿತ್ತು.

"ಏನಕ್ಕ, ಜಲ್ಲಿಗೆ ಪ್ರದಕ್ಷಿಣೆ ಹಾಕ್ತಿದ್ದೀರ?" ಎಂದ ಮೇಸ್ತ್ರಿ, ಸೆಂಟ್ರಿಂಗ್ ಮೇಲಿಂದ ಕತ್ತು ಚಾಚಿ.

"ಬಾಯಿ ಮುಚ್ಚಿ ಹಲಗೆ ಸಂದು ಮುಚ್ಚು. ಹಾಲು ಸೋರೋ ಹಾಗೆ ಸಿಮೆಂಟು ಸೋರುತ್ತೆ ನಾಳೆ."

ಮೇಸ್ತ್ರಿ ನಕ್ಕ. ಕೆಳಗೆ ಮರಳಿನ ಪಕ್ಕ ಕಲ್ಲಿನ ಮೇಲೆ ಕೂತಿದ್ದ ಅವನ ಮಾವನೂ ನಕ್ಕ. ಸೈಟಿನ ಕಾವಲಿಗೆ ಮೇಸ್ತ್ರಿಯೇ ತನ್ನ ಹೆಂಡತಿಯ ಅಪ್ಪನನ್ನು ಇಟ್ಟಿದ್ದ. ಹಗಲಲ್ಲೂ ಕೈಯಲ್ಲಿ ಟಾರ್ಚು ಹಿಡಿದೇ ತಿರುಗುವುದರಿಂದ ಆತ ಎಲ್ಲರಿಗೂ ಬ್ಯಾಟರಿ ತಾತ.

ಅಷ್ಟರಲ್ಲಿ ನರ್ಸಮ್ಮ ಬಂದಳು. ರಾತ್ರಿಪಾಳಿ ಮುಗಿಸಿ ನಿದ್ದೆ ಮಾಡದೆ ನೇರ ಬಂದಿದ್ದಳು, ಕಣ್ಣು ಕೆಂಪಗಿದ್ದವು. ಚೀಲ ಕೆಳಗಿಡುವ ಮುಂಚೆಯೇ ಮೊಬೈಲು ತೆಗೆದಳು.

"ಅಕ್ಕ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡಿ. ಇಂಜಿನಿಯರು ಜಲ್ಲಿ ಹದಿನೇಳು ಅಂತ ಬರೆದಿದ್ದಾರೆ. ನಿಮ್ಮ ತಮ್ಮನ ಗಾಡಿ ಮೂರರದ್ದು ಅಂತೀರ. ಹದಿನೇಳನ್ನ ಮೂರರಿಂದ ಭಾಗಿಸಿದ್ರೆ ಹತ್ತಿರ ಹತ್ತಿರ ಆರು ಲೋಡು ಆಯ್ತು. ಬಂದಿರೋದು ಎರಡೇ ಲೋಡು. ಮಿಕ್ಕ ನಾಲ್ಕು ಎಲ್ಲಿ?"

ಅಕ್ಕನಿಗೆ ನಗು ಬಂತು, ಬಂದ ನಗುವನ್ನು ನುಂಗಿಕೊಂಡಳು. ಈ ತಪ್ಪನ್ನು ಮನೆ ಕಟ್ಟಿಸುವ ಮುಕ್ಕಾಲು ಪಾಲು ಜನ ಮಾಡುತ್ತಾರೆ.

"ನರ್ಸಮ್ಮ, ಆ ಹದಿನೇಳು ಕ್ಯೂಬಿಕ್ ಮೀಟರು. ಈ ಮೂರು ಬ್ರಾಸು. ನೀವು ಔಷಧಿ ಬಾಟ್ಲಿ ಲೆಕ್ಕಾನ ಚಮಚದಿಂದ ಭಾಗಿಸಿಬಿಟ್ರಿ. ಒಂದು ಮೀಟರು ಅಂದ್ರೆ ಮೂರು ಅಡಿ ಚಿಲ್ಲರೆ. ಉದ್ದ, ಅಗಲ, ಎತ್ತರ ಮೂರೂ ಮೀಟರು ಇರೋ ಒಂದು ಪೆಟ್ಟಿಗೇಲಿ ಮೂವತ್ತೈದು ಘನ ಅಡಿ ಹಿಡಿಯುತ್ತೆ."

"ಮೂರೂ ಒಂದೊಂದು ಮೀಟರು?"

"ಹೂಂ, ಒಂದೊಂದು. ನಿದ್ದೆ ನಿಮಗಿಲ್ಲ, ತೊದಲೋದು ನಾನು. ಹದಿನೇಳನ್ನ ಮೂವತ್ತೈದೂ ಚಿಲ್ಲರೆಯಿಂದ ಗುಣಿಸಿ."

ನರ್ಸಮ್ಮ ಮೊಬೈಲಿನಲ್ಲಿ ಒತ್ತಿದಳು. "ಆರುನೂರು."

"ನೂರಕ್ಕೊಂದು ಬ್ರಾಸು. ಆರುನೂರಕ್ಕೆ ಆರು. ಗಾಡಿಗೆ ಮೂರು ಬ್ರಾಸಾದ್ರೆ?"

"ಎರಡು ಲೋಡು."

"ನಿಮ್ಮ ಮರಳೂ ಹಾಗೇ. ಎಂಟೂವರೆ ಮೀಟರು, ಅಂದ್ರೆ ಮೂರು ಬ್ರಾಸು, ಒಂದು ಲೋಡು. ಬಂತು. ಗೋಡೆ ಕೆಲಸದ್ದು ಅರ್ಧ ಬ್ರಾಸು ಮರಳು ಆ ಮೂಲೇಲಿ ಬೇರೆ ಉಳಿದಿದೆ. ಸರಿಹೋಯ್ತಾ?"

ನರ್ಸಮ್ಮನ ಮುಖ ಸಡಿಲಾಯಿತು. ಚೀಲ ಕೆಳಗಿಟ್ಟಳು. ಆಮೇಲೆ, ಸೂಜಿ ಚುಚ್ಚುವ ಮುಂಚೆ ಮಾತಾಡಿಸುವ ದನಿಯಲ್ಲೇ ಕೇಳಿದಳು: "ಗಾಡಿಗೆ ಮೂರು ಬ್ರಾಸು ಹಿಡಿಯುತ್ತೆ ಅಂತ ಯಾರು ಅಳೆದದ್ದು?"

ಅಕ್ಕ ರಾಶಿಯ ಕಡೆ ತಿರುಗಿದಳು. ಬೆಳಿಗ್ಗೆಯಿಂದ ಕಾಲಿಗೆ ಚುಚ್ಚುತ್ತಿದ್ದ ಮುಳ್ಳು ಈಗ ಕೈಗೆ ಸಿಕ್ಕಿತ್ತು.

ಗಾಡಿಗೆ ಟೇಪು ಹಿಡಿಯಲ್ಲ ಅಂದಿದ್ದಳೇ ಹೊರತು ಜಲ್ಲಿಗೆ ಹಿಡಿಯಲ್ಲ ಅಂದಿರಲಿಲ್ಲ. ಹಾಗಂತ ತನಗೆ ತಾನೇ ಹೇಳಿಕೊಂಡಳು. ಆದರೆ ಮೊನಚಾಗಿ ಬಿದ್ದ ರಾಶಿಯ ಜೊತೆ ಲೆಕ್ಕದ ಮಾತಾಡಲಾಗುವುದಿಲ್ಲ. ಅದು ನೋಡುವವನ ಕಣ್ಣಿಗೆ ತಕ್ಕಂತೆ ಬೆಳೆಯುತ್ತದೆ, ಕುಗ್ಗುತ್ತದೆ. ನಾಲ್ಕು ಜನರನ್ನು ಕರೆದು ಸಿಮೆಂಟ್ ಇಟ್ಟಿಗೆ ಅಡ್ಡ ಇಟ್ಟು ಕಟ್ಟೆ ಮಾಡಿಸಿದಳು. ಸಲಿಕೆ, ಬಾಂಡ್ಲಿ ಹಿಡಿದು ಜಲ್ಲಿಯನ್ನೆಲ್ಲ ಅದರೊಳಗೆ ಎಳೆದು ಸಪಾಟು ಮಾಡಿದರು. "ನಾಳೆ ಎತ್ತೋದನ್ನ ಇವತ್ತೇ ಎತ್ತಿಸ್ತಿದ್ದೀರಲ್ಲಕ್ಕ" ಎಂದು ಒಬ್ಬ ಗೊಣಗಿದ. "ಅಭ್ಯಾಸ ಆಗ್ಲಿ ಬಿಡು" ಎಂದಳು. ಬಿಸಿಲು ಏರಿತ್ತು. ಜಲ್ಲಿಯ ಪುಡಿ ಎದ್ದು ಎಲ್ಲರ ರೆಪ್ಪೆಯೂ ಬೆಳ್ಳಗಾಯಿತು.

ಇಪ್ಪತ್ತೈದು ಅಡಿ ಉದ್ದ, ಹತ್ತಡಿ ಅಗಲ, ಎರಡಡಿ ಎತ್ತರ.

ನರ್ಸಮ್ಮ ಈ ಸಲ ಮೊಬೈಲು ತೆಗೆಯಲಿಲ್ಲ. "ಐನೂರು" ಎಂದಳು ಮೆಲ್ಲಗೆ. "ಐದು ಬ್ರಾಸು."

ಒಂದು ಬ್ರಾಸು ಇಲ್ಲ. ಮಣ್ಣಿಗೆ ಕಚ್ಚಿಕೊಂಡದ್ದು, ಚಕ್ರಕ್ಕೆ ಸಿಕ್ಕಿ ಚೆಲ್ಲಿದ್ದು ಎಲ್ಲ ಸೇರಿಸಿದರೂ ಒಂದೆರಡು ಬಾಂಡ್ಲಿ. ಒಂದು ಬ್ರಾಸು ಅಂದರೆ ಹತ್ತಿರ ಹತ್ತಿರ ಮೂರು ಮೀಟರು. ಆ ಜಲ್ಲಿಯಿಲ್ಲದೆ ನಾಳೆ ಸ್ಲ್ಯಾಬು ಅಡುಗೆಮನೆಯ ಮೇಲೆ ಬರುವಷ್ಟರಲ್ಲಿ ನಿಲ್ಲುತ್ತದೆ.

ಅಕ್ಕ ತಮ್ಮನಿಗೆ ಫೋನು ಮಾಡಿದಳು. ಕೈಯೆಲ್ಲ ಪುಡಿಯಾಗಿದ್ದರಿಂದ ಸ್ಪೀಕರ್ ಹಾಕಿ ಇಟ್ಟಿಗೆಯ ಮೇಲಿಟ್ಟಳು. ಆಮೇಲೆ ಎಷ್ಟೋ ಸಲ ಅನ್ನಿಸಿತು, ಸೆರಗಿಗೆ ಕೈ ಒರೆಸಿಕೊಂಡಿದ್ದರೆ ಆಗುತ್ತಿತ್ತು.

"ಏನಕ್ಕ?"

"ಜಲ್ಲಿ ಒಂದು ಬ್ರಾಸು ಕಮ್ಮಿ ಬರ್ತಿದೆ ಕಣೋ."

"ಕಮ್ಮಿ ಹೆಂಗೆ ಬರುತ್ತೆ? ಮೂರು ಮೂರು, ಎರಡು ಟ್ರಿಪ್ಪು. ಜಲ್ಲಿ ಕ್ರಷರಿನಲ್ಲಿ ನನ್ನ ಕಣ್ಣೆದುರೇ ತುಂಬಿದ್ದು."

"ಹರಡಿ ಅಳೆದೆ. ಐದೇ ಇರೋದು."

"ಹಂಗಾದ್ರೆ ಅಲ್ಲಿಂದ್ಲೇ ಹೋಗಿದೆ. ನಿನ್ನ ಬ್ಯಾಟರಿ ತಾತನ್ನ ಕೇಳು, ಯಾವನಿಗೆ ಬೆಳಕು ಬಿಟ್ಟು ದಾರಿ ತೋರಿಸಿದ ಅಂತ."

ಸುತ್ತ ಸಲಿಕೆಗಳ ಸದ್ದು ನಿಂತಿತು. ಅಕ್ಕ ಫೋನು ಬಾಚಿಕೊಂಡಳು. ತಾತ ಕಲ್ಲಿನ ಮೇಲಿಂದ ಏಳಲಿಲ್ಲ. ಕೈಯಲ್ಲಿದ್ದ ಟಾರ್ಚನ್ನು ನೋಡಿ, ಅದು ಬೇರೆ ಯಾರದ್ದೋ ಎನ್ನುವಂತೆ ಪಕ್ಕಕ್ಕಿಟ್ಟ.

ಮೇಸ್ತ್ರಿ ಸರಸರ ಏಣಿ ಇಳಿದು ಬಂದ.

"ನನ್ನ ಮಾವನ್ನ ಕಳ್ಳ ಅಂದ್ರಾ ನಿಮ್ಮ ತಮ್ಮ?"

"ಬಾಯಿ ತಪ್ಪಿ ಅಂದ ಕಣಪ್ಪ. ಅವನ ಬಾಯಿ ನಿನಗೆ ಗೊತ್ತಿಲ್ವಾ? ಇನ್ನೊಂದು ಲೋಡು ತರಿಸ್ತೀನಿ. ಹೆಚ್ಚಾದ್ರೆ ನೆಲಕ್ಕೆ ಆಗುತ್ತೆ. ಇಲ್ಲಿಗೆ ಬಿಟ್ಬಿಡೋಣ."

"ಜಲ್ಲಿ ಬರುತ್ತಕ್ಕ. ಮಾವನ ಹೆಸರು ಬರುತ್ತಾ?"

ಅಕ್ಕ ತಾತನ ಕಡೆ ತಿರುಗಿದಳು. ಮೇಸ್ತ್ರಿ ಬಿಡಲಿಲ್ಲ.

"ನಮ್ಮ ಹೆಂಗಸರ ಮುಂದೆ, ಆಳುಗಳ ಮುಂದೆ ಅಂದಿದ್ದು. ನಾಳೆ ಇನ್ನೊಂದು ಸೈಟಿಗೆ ಕಾವಲಿಗೆ ಇಡಿ ಅಂದ್ರೆ ಯಾರು ಇಟ್ಕೊತಾರೆ? ನಿಮ್ಮ ತಮ್ಮನ ಗಾಡಿ ಅಳೀರಿ. ಮೂರು ಬ್ರಾಸು ಬಂತು ಅಂತಾದ್ರೆ ನಾನೇ ಮಾವನ್ನ ಮನೆಗೆ ಕರ್ಕೊಂಡು ಹೋಗ್ತೀನಿ, ಮತ್ತೆ ಮುಖ ತೋರಿಸಲ್ಲ. ಅಳೆಯಲ್ಲ ಅಂದ್ರೆ ನಾಳೆ ನನ್ನ ಜನ ಬರಲ್ಲ."

"ಸ್ಲ್ಯಾಬು ಕಣೋ. ಮಿಕ್ಸರ್ ಹೇಳಿದೆ..."

"ಮಿಕ್ಸರ್ ತಾನೇ ತಿರುಗುತ್ತೆ, ತಾನೇ ಎತ್ತಿ ಹಾಕುತ್ತೆ ಬಿಡಿ."

ನರ್ಸಮ್ಮ ಒಂದು ಸಲ ಇವನನ್ನು, ಒಂದು ಸಲ ಅವಳನ್ನು ನೋಡಿದಳು. "ಒಂದು ಟೇಪು ಹಿಡಿಯೋಕೆ ಇಷ್ಟೊಂದು ಯಾಕೆ?" ಎಂದಳು. ಅಕ್ಕ ನೀರಿನ ಡ್ರಮ್ಮಿನ ಬಳಿ ಹೋಗಿ ಮುಖ ತೊಳೆದಳು; ತೊಳೆದ ಮುಖವನ್ನೇ ಮತ್ತೊಮ್ಮೆ ತೊಳೆದಳು. ತಾತ ಕದ್ದಿರಲಾರ, ಒಂದು ಬ್ರಾಸು ಜಲ್ಲಿ ಅಂದರೆ ನಾಲ್ಕು ಟನ್ನು ಭಾರ, ಕಿಸೆಯಲ್ಲಿ ಹೋಗುವ ಮಾಲಲ್ಲ. ತಮ್ಮ ಮೋಸ ಮಾಡಲಾರ. ಮಾಡುವವನಾಗಿದ್ದರೆ ಅವತ್ತು ತಟ್ಟೆ ಮುಂದೆ ಹಾಗೆ ಕೂರುತ್ತಿರಲಿಲ್ಲ. ಇಬ್ಬರೂ ಮಾಡಿಲ್ಲ, ಆದರೆ ಜಲ್ಲಿ ಇಲ್ಲ.

ಕೂಗಿ ಕರೆಯುವ ಮುಂಚೆಯೇ ತಮ್ಮ ಬಂದ. ಫೋನು ಥಟ್ಟನೆ ಕಟ್ಟಾದದ್ದು ಅವನಿಗೂ ಸಮಾಧಾನ ತಂದಿರಲಿಲ್ಲ. ಖಾಲಿ ಗಾಡಿ ಗಡಗಡ ಸದ್ದು ಮಾಡುತ್ತ ಬೀದಿಯ ತಿರುವಿನಲ್ಲಿ ಕಾಣಿಸಿದಾಗ ಅಭ್ಯಾಸಬಲದಿಂದ ಆಳು ಹೆಂಗಸೊಬ್ಬಳು ಹೇಳಿದಳು, "ಮೂರು ಬ್ರಾಸು ಬಂತು." ಹೇಳಿ ನಾಲಿಗೆ ಕಚ್ಚಿಕೊಂಡಳು.

ತಮ್ಮ ಇಳಿದ. ಸಪಾಟಾದ ಜಲ್ಲಿಯನ್ನು ನೋಡಿದ, ತಾತನನ್ನು ನೋಡಿದ, ಕೊನೆಗೆ ಅಕ್ಕನ ಕೈ ನೋಡಿದ. ಟೇಪು ಸೊಂಟದಿಂದ ಕೈಗೆ ಬಂದಿತ್ತು.

"ಅಕ್ಕ."

"ಹೂಂ."

"ನೀನಾ?"

"ಬೇರೆಯವರು ಅಳೆದ್ರೆ ಸರಿಹೋಗುತ್ತಾ ನಿನಗೆ?"

ಅಕ್ಕ ಸೀರೆ ಎತ್ತಿ ಕಟ್ಟಿ ಗಾಲಿಯ ಮೇಲೆ ಕಾಲಿಟ್ಟಳು. ಕೈ ಕೊಡಲು ಮೇಸ್ತ್ರಿ ಮುಂದೆ ಬಂದ, ಬೇಡವೆಂದಳು. ಬಾಡಿಯೊಳಗೆ ಇಳಿದಾಗ ಕಬ್ಬಿಣದ ತಳ ಚಪ್ಪಲಿಯೊಳಕ್ಕೂ ಬಿಸಿ ಬಿಟ್ಟಿತು. ಮೂಲೆಗಳಲ್ಲಿ ಹಳೇ ಜಲ್ಲಿ ಅಂಟಿಕೊಂಡಿತ್ತು. ಟೇಪಿನ ಒಂದು ತುದಿ ಹಿಡಿಯಲು ಇನ್ನೊಬ್ಬರು ಬೇಕು. ಅವಳು ಯಾರನ್ನೂ ಕರೆಯದೆ ನಿಂತಳು. ಸ್ವಲ್ಪ ಹೊತ್ತಿಗೆ ಗಾಡಿ ಅಲುಗಿತು. ತಮ್ಮನೇ ಹತ್ತಿ ಬಂದು, "ಕೊಡಿಲ್ಲಿ" ಎಂದು ತುದಿ ಕಿತ್ತುಕೊಂಡು ಕ್ಯಾಬಿನ್ ಕಡೆಯ ಗೋಡೆಗೆ ಒತ್ತಿ ಹಿಡಿದ.

"ಒಳಮೈ ಹಿಡಿ. ತಗಡಿನ ದಪ್ಪ ಸೇರಬಾರದು."

"ನನಗೆ ಗೊತ್ತು."

ಉದ್ದ ಹನ್ನೆರಡು ಅಡಿ. ಅಗಲ ಏಳು. ಎತ್ತರಕ್ಕೆ ಟೇಪು ನೆಟ್ಟಗೆ ನಿಲ್ಲಿಸಿದಾಗ ಅಕ್ಕನ ಕಣ್ಣು ಬಾಡಿಯ ಅಂಚಿನುದ್ದಕ್ಕೂ ಹೋಯಿತು. ಅಂಚಿನಲ್ಲಿ ಸಾಲಾಗಿ ಬೋಲ್ಟಿನ ತೂತುಗಳು. ತೂತುಗಳಲ್ಲಿ ಬೋಲ್ಟಿರಲಿಲ್ಲ.

"ಮೂರಡಿ" ಎಂದಳು. "ಮೂರೂವರೆ ಇರಬೇಕಿತ್ತಲ್ವೇನೋ? ಸೈಡ್ ಹಲಗೆ ಎಲ್ಲಿ?"

ತಮ್ಮ ಆ ತೂತುಗಳನ್ನು ಮೊದಲ ಸಲ ಕಂಡವನಂತೆ ನೋಡಿದ. ಒಂದರೊಳಗೆ ಬೆರಳಿಟ್ಟ.

"ತೆಗೆಸಿದ್ನಲ್ಲ... ಓವರ್‌ಲೋಡು ಅಂತ ತೂಕದ ವೇಬ್ರಿಡ್ಜಿನ ಹತ್ರ ಗಾಡಿ ಹಿಡಿದ್ರಲ್ಲ, ಅವತ್ತು. ಅರ್ಧ ಅಡಿ ಹಲಗೆ ಬಿಚ್ಚಿಸಿ ಷೆಡ್ಡಿನಲ್ಲಿ ಹಾಕಿದೆ. ನಿನಗೂ ಹೇಳಿದ್ದೆ."

ಹೇಳಿದ್ದ. ಅಕ್ಕನೂ "ಒಳ್ಳೇದಾಯ್ತು ಬಿಡು, ಪೊಲೀಸರ ಕಾಟ ತಪ್ಪಿತು" ಅಂದಿದ್ದಳು. ಇಬ್ಬರೂ ಆಡಿದ್ದರು, ಇಬ್ಬರೂ ಕೇಳಿದ್ದರು. ಹಲಗೆ ಹೋಗಿತ್ತು, ಹೆಸರು ಹೋಗಿರಲಿಲ್ಲ. ಕ್ರಷರಿನಲ್ಲಿ "ಮೂರು ಬ್ರಾಸಿಗೆ ತುಂಬು" ಅಂದರೆ ಅಲ್ಲಿಯವನೂ ಈ ಬಾಡಿಯ ಅಂಚಿಗೆ ಸಮವಾಗಿ ತುಂಬಿ, ತುಂಬಿತು ಎನ್ನುತ್ತಿದ್ದ.

"ಹನ್ನೆರಡು ಏಳ್ಲ ಎಂಬತ್ನಾಲ್ಕು" ಎಂದಳು ಕೆಳಗಿಂದ ನರ್ಸಮ್ಮ, ಕೈ ಕಣ್ಣಿಗೆ ಅಡ್ಡ ಹಿಡಿದು. "ಮೂರರಿಂದ ಗುಣಿಸಿದ್ರೆ ಇನ್ನೂರ ಐವತ್ತೆರಡು. ಎರಡೂವರೆ ಬ್ರಾಸು. ಎರಡು ಲೋಡಿಗೆ ಐದು. ಅಲ್ಲಿಗೆ ಸರಿಯಾಯ್ತು."

ಸರಿಯಾಯಿತು. ಅರ್ಧ ಅಡಿ ಹಲಗೆ ಇದ್ದಿದ್ದರೆ ಇನ್ನೂರ ತೊಂಬತ್ತನಾಲ್ಕು, ಮೇಲೊಂದು ಸಣ್ಣ ಗುಪ್ಪೆ ಸೇರಿ ಮೂರು ಬ್ರಾಸು. ಈ ಬಾಡಿಯಲ್ಲಿ ಅಂಚಿನತನಕ ತುಂಬಿದರೂ ಮೀಟರಿನಲ್ಲಿ ಏಳು ಚಿಲ್ಲರೆ. ಎರಡು ಲೋಡಿಗೆ ಹದಿನಾಲ್ಕು. ಹದಿನೇಳು ಆಗುವ ಮಾತೇ ಇರಲಿಲ್ಲ. ಮರಳೂ ಅರ್ಧ ಬ್ರಾಸು ಕಮ್ಮಿ ಬಂದಿತ್ತು. ಹಸಿ ಮರಳು ಉಬ್ಬಿ ನಿಂತಿದ್ದರಿಂದ ಕಣ್ಣಿಗೆ ಕಂಡಿರಲಿಲ್ಲ. ಮೂಲೆಯ ಹಳೇ ಮರಳು ಇಲ್ಲದಿದ್ದರೆ ಅದಕ್ಕೂ ಪರದಾಡಬೇಕಿತ್ತು.

ತಮ್ಮ ಗಾಡಿಯ ತಳದಲ್ಲೇ ಕುಕ್ಕರಗಾಲಿನಲ್ಲಿ ಕೂತ.

"ಅಕ್ಕ, ಹಲಗೆ ಬಿಚ್ಚಿದ ಮೇಲೆ ಎಷ್ಟು ಮನೆಗೆ ಹಾಕಿದೀನಿ ಗೊತ್ತಾ? ಎಲ್ಲರಿಗೂ ಮೂರು ಅಂತಾನೇ ಹೇಳಿದೀನಿ. ಅವರೆಲ್ಲ ಯಾರ್ಯಾರ ತಾತನ್ನ ಬೈದ್ರೋ."

"ಒಬ್ಬೊಬ್ಬರಿಗೂ ಹೇಳಿದ್ರಾಯ್ತು. ಏಳು."

"ಹೇಳಿದ್ರೆ ಏನಂತಾರೆ? ಅಕ್ಕನೇ ಅಳೆದು ಹಿಡಿದುಕೊಟ್ಳು ಅಂತಾರೆ."

ಅವಳ ಕೈಯ ಟೇಪು ಸರ್ರನೆ ತನ್ನಷ್ಟಕ್ಕೆ ಒಳಗೆ ಸುತ್ತಿಕೊಂಡಿತು.

ತಮ್ಮ ಇಳಿದು ತಾತನ ಮುಂದೆ ಹೋಗಿ ನಿಂತ. "ತಾತ, ತಪ್ಪಾಯ್ತು" ಎಂದ. ತಾತ ಟಾರ್ಚು ಕೈಗೆತ್ತಿಕೊಂಡು, ಗುಂಡಿ ಒತ್ತಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಅವನ ಮುಖಕ್ಕೆ ಬೆಳಕು ಬಿಟ್ಟು ನೋಡಿದ. "ಹೂಂ, ಹೋಗು" ಎಂದ. ಮೇಸ್ತ್ರಿ ಏಣಿ ಹತ್ತಿದ. ಸ್ವಲ್ಪ ಹೊತ್ತಿಗೆ ಮೇಲೆ ಸಂದು ಮುಚ್ಚುವ ಸುತ್ತಿಗೆಯ ಸದ್ದು ಮತ್ತೆ ಶುರುವಾಯಿತು.

"ಇನ್ನೊಂದು ಬ್ರಾಸು ಬೇಕು, ನಾಳೆ ಬೆಳಿಗ್ಗೆಗೆ" ಎಂದಳು ಅಕ್ಕ.

ತಮ್ಮ ಸ್ಟಿಯರಿಂಗ್ ಹಿಂದೆ ಕೂತಿದ್ದ. ಬರ್ತೀನಿ ಅನ್ನಲಿಲ್ಲ, ಬರಲ್ಲ ಅನ್ನಲಿಲ್ಲ. ಗೇರು ಹಾಕಿ ಹೋದ. ಸಂಜೆ ಅವಳು ಮಾಡಿದ ಫೋನನ್ನೂ ಎತ್ತಲಿಲ್ಲ.

ಬೆಳಿಗ್ಗೆ ಮೇಸ್ತ್ರಿ ತನ್ನ ಇಪ್ಪತ್ತು ಜನರನ್ನು ಕರೆತಂದ. ಮಿಕ್ಸರ್ ಶುರುವಾಗಬೇಕು. ಐದು ಬ್ರಾಸು ಕಣ್ಣೆದುರು ಇದೆ, ಆರನೆಯದು ಇಲ್ಲ. "ಶುರು ಮಾಡೋಣ್ವಾ ಅಕ್ಕ?" ಎಂದ ಮೇಸ್ತ್ರಿ. ಶುರು ಮಾಡಿ ಅರ್ಧಕ್ಕೆ ನಿಂತರೆ ಗೆರೆ. ಶುರು ಮಾಡದಿದ್ದರೆ ಇಷ್ಟೂ ಜನ ಸುಮ್ಮನೆ ಕೂತಂತೆ. ಬೇರೆ ಗಾಡಿಯವರಿಗೆ ಹೇಳಬಹುದಿತ್ತು. ಮೊಬೈಲಿನಲ್ಲಿ ಬೇರೆಯವರ ಹೆಸರಿನ ಮೇಲೆ ಬೆರಳು ಇಟ್ಟಳು, ತೆಗೆದಳು. ನರ್ಸಮ್ಮ ಉಗುರು ಕಚ್ಚುತ್ತ ನಿಂತಿದ್ದಳು. ಅಕ್ಕ ಬೀದಿಯ ತಿರುವಿನತನಕ ಹೋದಳು, ವಾಪಸು ಬಂದಳು, ಮತ್ತೆ ಹೋದಳು.

ಅಲ್ಲಿ ನಿಂತಿದ್ದಾಗ ಗಾಡಿಯ ಸದ್ದು ಕೇಳಿತು. ಖಾಲಿ ಗಾಡಿಯ ಗಡಗಡವಲ್ಲ. ಭಾರ ಹೊತ್ತು ಏದುಸಿರು ಬಿಡುವ ಸದ್ದು. ಅವಳ ಪಕ್ಕದಲ್ಲೇ ನಿಲ್ಲಿಸದೆ ದಾಟಿಹೋಗಿ ಸೈಟಿನ ಮುಂದೆ ನಿಂತಿತು.

ಅವಳು ಓಡಿ ಬರುವಷ್ಟರಲ್ಲಿ ತಮ್ಮ ಕೆಳಗಿಳಿದಿದ್ದ. ಬಾಡಿ ಅಂಚಿಗೆ ಸಮವಾಗಿ ಜಲ್ಲಿ ತುಂಬಿತ್ತು; ಅಂಗೈಯಲ್ಲಿ ಸವರಿದಂತೆ ಸಪಾಟಾಗಿತ್ತು.

"ಬಾರೋ, ಇಳಿಸೋ, ಇಳಿಸಿ ಟೀ..." ಎಂದಳು ಅಕ್ಕ ಮೇಲುಸಿರಿನಲ್ಲಿ.

"ಇಳಿಸಲ್ಲ. ಮೊದಲು ಅಳೆ."

"ಲೋ, ನಿನ್ನೆ ಅಳೆದಾಯ್ತಲ್ಲ."

"ಎರಡೂವರೆ ಬ್ರಾಸು ಅಂತ ನಾನು ಹೇಳ್ತಿದೀನಿ. ನನ್ನ ಬಾಯಿಮಾತು. ಎಲ್ಲರೂ ಇದ್ದಾರೆ, ಅಳೆ. ಇನ್ಮೇಲೆ ಪ್ರತಿ ಸಲ ಅಳೆದೇ ಇಳಿಸೋದು."

ಅದರಲ್ಲಿ ಸಿಟ್ಟೆಷ್ಟು, ನ್ಯಾಯವೆಷ್ಟು ಎಂದು ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಿತ್ತೋ ಇಲ್ಲವೋ. ಮಿಕ್ಸರಿನವನು ಯಂತ್ರ ಶುರುಮಾಡುವ ಹಗ್ಗ ಹಿಡಿದು ಕಾಯುತ್ತಿದ್ದ. ಅಕ್ಕ ಗಾಲಿಯ ಮೇಲೆ ಕಾಲಿಟ್ಟು ಹತ್ತಿದಳು. ಜಲ್ಲಿಯ ಮೇಲೆ ಮೊಣಕಾಲೂರಿ ಟೇಪು ಎಳೆದಳು. ಆ ತುದಿಯನ್ನು ತಮ್ಮ ಹಿಡಿದ. ಉದ್ದ ಹೇಳಿದಳು, ಅಗಲ ಹೇಳಿದಳು, ಅಂಚಿನತನಕ ಬಂದಿದೆ ಎಂದು ಕೈ ಬಡಿದು ತೋರಿಸಿದಳು.

"ಎರಡೂವರೆ" ಎಂದು ಜೋರಾಗಿ ಕೂಗಿ ಹೇಳಿದಳು, ಬೀದಿಗೆಲ್ಲ ಕೇಳುವಂತೆ.

ತಮ್ಮ ಲೀವರ್ ಎಳೆದ. ಬಾಡಿ ಎದ್ದಿತು, ಜಲ್ಲಿ ಭೋರೆಂದು ಸುರಿಯಿತು. ಮಿಕ್ಸರ್ ತಿರುಗಿತು. ಅವನು ಟೀ ಕುಡಿಯಲಿಲ್ಲ.

ಸ್ಲ್ಯಾಬು ಎಲ್ಲೂ ನಿಲ್ಲದೆ ಒಂದೇ ಎಳೆತಕ್ಕೆ ಮುಗಿಯಿತು. ಗಾಡಿಗೆ ಟೇಪು ಹಿಡಿಯಲ್ಲ ಎಂದು ಅಕ್ಕ ಕೊಟ್ಟ ಮಾತು ಮಾತ್ರ ಮುರಿದೇ ಉಳಿಯಿತು.